‘ಗ್ರೀಕ್ ನಾಟಕದಲ್ಲಿ ಕನ್ನಡ ಇದೆ’ ಎಂದು ಪ್ರಬಂಧದಲ್ಲಿ ಬರೆಯುವ ಮೊದಲು: ರುಜುವಾತಿನ ಹೊಣೆ ಯಾರದು, ಅದನ್ನು ಹೊರುವುದು ಹೇಗೆ

ಕಿರುಪ್ರಬಂಧ ಒಪ್ಪಿಸುವ ತಿಂಗಳು ಬಂತೆಂದರೆ ಉಡುಪಿ, ಮಂಗಳೂರಿನ ವಿದ್ಯಾರ್ಥಿಗಳಿಂದ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. “ಮೇಡಂ, ಇದು ತಪ್ಪು ಅಂತ ಯಾರೂ ತೋರಿಸಿಲ್ಲವಲ್ಲ. ಹಾಗಾದರೆ ಬರೆಯಬಹುದಲ್ಲ?” ಊರಿನ ಹೆಸರಿನ ಮೂಲ, ದೇವಸ್ಥಾನದ ಕಾಲ, ಯಾವುದೋ ಪದದ ಹುಟ್ಟು, ವಿಷಯ ಯಾವುದಾದರೂ ಪ್ರಶ್ನೆ ಬದಲಾಗುವುದಿಲ್ಲ. ಒಬ್ಬೊಬ್ಬರಿಗೇ ಉತ್ತರ ಹೇಳುವ ಬದಲು, ನಮ್ಮ ಕರಾವಳಿಯವರೆಲ್ಲ ಒಮ್ಮೆಯಾದರೂ ಕೇಳಿರುವ ಒಂದು ಹೇಳಿಕೆಯನ್ನೇ ತೆಗೆದುಕೊಂಡು ಮೊದಲಿಂದ ಕೊನೆಯವರೆಗೆ ಪರೀಕ್ಷಿಸಿ ತೋರಿಸುತ್ತೇನೆ. ನಿಮ್ಮ ವಿಷಯಕ್ಕೆ ಇದೇ ಕ್ರಮ ಹಿಡಿಯಿರಿ.

ಹೇಳಿಕೆ ಇದು: “ಎರಡನೇ ಶತಮಾನದ ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತುಗಳಿವೆ, ಅದು ನಡೆದದ್ದು ನಮ್ಮ ಮಲ್ಪೆ–ಉದ್ಯಾವರದ ಹತ್ತಿರ.”

ಮೊದಲು ಎರಡು ಪದ. ‘ರುಜುವಾತಿನ ಹೊಣೆ’ ಎಂದರೆ ಒಂದು ಮಾತು ನಿಜವೆಂದು ತೋರಿಸಿಕೊಡುವ ಕೆಲಸ ಯಾರ ಪಾಲಿನದು ಎಂಬುದು. ವಿದ್ವತ್ತಿನ ಬರಹದಲ್ಲಿ ಅದು ಹೇಳಿದವರ ಪಾಲಿನದು. ‘ಪ್ರತಿಪಾದನೆ’ ಎಂದರೆ ನಿಜವೆಂದು ನೀವು ಮುಂದಿಡುವ ಮಾತು. ಕೋರ್ಟಿನ ಹೊಣೆಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಕೋರ್ಟು ಯಾವುದಾದರೂ ಒಂದು ತೀರ್ಪು ಕೊಡಲೇಬೇಕು. ವಿದ್ವತ್ತಿನಲ್ಲಿ ಅಂಥ ಒತ್ತಾಯ ಇಲ್ಲ, “ಇನ್ನೂ ತೀರ್ಮಾನವಾಗಿಲ್ಲ” ಎಂಬುದೂ ಒಪ್ಪತಕ್ಕ ಉತ್ತರವೇ. ಹೆಚ್ಚಿನ ಗೊಂದಲ ಹುಟ್ಟುವುದು ಇದನ್ನು ಮರೆತಾಗ.

1. ಹೇಳಿಕೆಯನ್ನು ಒಡೆದು ಬರೆಯಿರಿ

ಮೇಲಿನ ಒಂದು ಸಾಲಿನಲ್ಲಿ ನಾಲ್ಕು ಪ್ರತಿಪಾದನೆಗಳಿವೆ. ನಾಟಕದ ಆ ಮಾತುಗಳು ಯಾವುದೋ ನಿಜವಾದ ಭಾಷೆಯವು, ಬರೀ ನಗಿಸುವ ಸದ್ದುಗಳಲ್ಲ ಎಂಬುದು ಒಂದು. ಆ ಭಾಷೆ ದ್ರಾವಿಡ ಗುಂಪಿನದು ಎಂಬುದು ಇನ್ನೊಂದು. ದ್ರಾವಿಡದಲ್ಲೂ ಅದು ಕನ್ನಡ ಎಂಬುದು ಮೂರನೆಯದು. ಕತೆ ನಡೆಯುವ ಜಾಗ ನಮ್ಮ ಕರಾವಳಿ ಎಂಬುದು ನಾಲ್ಕನೆಯದು.

ಪ್ರತಿಯೊಂದಕ್ಕೂ ಪ್ರತ್ಯೇಕ ಆಧಾರ ಬೇಕು. ಒಂದಕ್ಕೆ ಸಿಕ್ಕಿದ ಆಧಾರವನ್ನು ಇನ್ನೊಂದಕ್ಕೆ ಕೊಡುವುದು ಬಹಳ ಸಾಮಾನ್ಯವಾದ ತಪ್ಪು. “ಆಗ ಗ್ರೀಕ್ ವ್ಯಾಪಾರಿಗಳು ಪಶ್ಚಿಮ ಕರಾವಳಿಗೆ ಬರುತ್ತಿದ್ದರು” ಎಂಬುದಕ್ಕೆ ಗಟ್ಟಿ ಆಧಾರ ಇದೆ. ಮೊದಲ ಶತಮಾನದ ‘ಪೆರಿಪ್ಲಸ್’ ಎಂಬ ಸಮುದ್ರಯಾನದ ಕೈಪಿಡಿ ಮುಜಿರಿಸ್ ಮೊದಲಾದ ಬಂದರುಗಳ ಹೆಸರನ್ನೇ ಕೊಡುತ್ತದೆ. ಆದರೆ ಅದರಿಂದ ತಿಳಿಯುವುದು ಒಬ್ಬ ಗ್ರೀಕನ ಕಿವಿಗೆ ಕರಾವಳಿಯ ಮಾತು ಬಿದ್ದಿರಬಹುದು ಎಂಬಷ್ಟೇ. ಈ ನಾಟಕದ ಈ ಸಾಲು ಕನ್ನಡವೇ ಎಂಬುದಕ್ಕೆ ಅದು ಆಧಾರವಾಗುವುದಿಲ್ಲ.

ಎಚ್ಚರಿಕೆ: ಮೂರನೆಯದೂ ನಾಲ್ಕನೆಯದೂ ಒಂದನ್ನೊಂದು ಆತುಕೊಂಡು ನಿಂತಿರುತ್ತವೆ. “ಜಾಗ ಮಲ್ಪೆ, ಯಾಕೆಂದರೆ ಮಾತು ಇಲ್ಲಿಯದು. ಮಾತು ಇಲ್ಲಿಯದು, ಯಾಕೆಂದರೆ ಜಾಗ ಮಲ್ಪೆ.” ಇದಕ್ಕೆ ಚಕ್ರವಾದ ಎನ್ನುತ್ತಾರೆ. ಬರೆಯುವಾಗ ಇದು ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಎರಡು ವಾಕ್ಯಗಳ ನಡುವೆ ನಾಲ್ಕು ಪುಟ ಇರುತ್ತದೆ. ಹಾಗಾಗಿಯೇ ಒಂದೇ ಹಾಳೆಯಲ್ಲಿ ಒಡೆದು ಬರೆಯಿರಿ ಎನ್ನುವುದು.

2. ಮೊದಲು ಹೇಳಿದವರನ್ನು ಹುಡುಕಿ

ಈ ಪ್ರಹಸನ ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕಿದ ಪಪೈರಸ್ ಹಾಳೆಯಲ್ಲಿದೆ. ಪಪೈರಸ್ ಎಂದರೆ ಜೊಂಡಿನಂಥ ಗಿಡದಿಂದ ಮಾಡುತ್ತಿದ್ದ ಬರೆಯುವ ಹಾಳೆ. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ವಿದ್ವಾಂಸರು 1903ರಲ್ಲಿ ಇದನ್ನು 413ನೇ ಸಂಖ್ಯೆಯ ಪಪೈರಸ್ ಎಂದು ಪ್ರಕಟಿಸಿದರು. ಹಾಳೆ ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಖಾರಿಟಿಯಾನ್ ಎಂಬ ಗ್ರೀಕ್ ಹೆಣ್ಣು ಭಾರತದ ಕಡಲತೀರದ ಒಂದು ದೇವಸ್ಥಾನದಲ್ಲಿ ಸೆರೆಯಾಗಿದ್ದಾಳೆ. ಅವಳ ಅಣ್ಣನೂ ಅವನ ಸಂಗಡಿಗರೂ ಬಂದು, ಅಲ್ಲಿನ ರಾಜನಿಗೂ ಅವನ ಕಡೆಯವರಿಗೂ ಚೆನ್ನಾಗಿ ಮದ್ಯ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಭಾರತ ಎಂಬುದು ನಾಟಕದಲ್ಲೇ ಇದೆ, ನಾವು ಸೇರಿಸಿದ್ದಲ್ಲ. ರಾಜ ಮತ್ತು ಅವನ ಕಡೆಯವರು ಆಡುವ, ಗ್ರೀಕ್ ಅಲ್ಲದ ಮಾತುಗಳೇ ನಮ್ಮ ಪ್ರಶ್ನೆಯ ವಿಷಯ.

ಅದು ಕನ್ನಡ ಎಂದು 1904ರಲ್ಲಿ ಜರ್ಮನಿಯ ಪತ್ರಿಕೆಯೊಂದರಲ್ಲಿ ಬರೆದವರು ಇ. ಹುಲ್ಟ್ಜ್. ಮದರಾಸಿನಲ್ಲಿ ಬಹುಕಾಲ ಶಾಸನಗಳ ಕೆಲಸ ಮಾಡಿದ, ದಕ್ಷಿಣದ ಭಾಷೆಗಳನ್ನು ಬಲ್ಲ ವಿದ್ವಾಂಸರು. 1920ರ ದಶಕದಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಅದನ್ನು ಬೆಂಬಲಿಸಿ ಇನ್ನಷ್ಟು ಮಾತುಗಳಿಗೆ ಕನ್ನಡದ ಅರ್ಥ ಹಚ್ಚಿದರು. 1926ರಲ್ಲಿ ಎಲ್. ಡಿ. ಬಾರ್ನೆಟ್ ಈ ಓದು ನಿಲ್ಲುವುದಿಲ್ಲ ಎಂದು ಬರೆದರು. ಬಾರ್ನೆಟ್ ಕನ್ನಡ ಗೊತ್ತಿಲ್ಲದವರೇನಲ್ಲ, ಎಷ್ಟೋ ಕನ್ನಡ ಶಾಸನಗಳನ್ನು ಸಂಪಾದಿಸಿದವರು. ಆಮೇಲೆ ನಮ್ಮ ಕಡೆಯಿಂದಲೇ, ಅದು ಕನ್ನಡವಲ್ಲ, ತುಳು ಎಂಬ ವಾದವೂ ಬಂತು.

ಎಚ್ಚರಿಕೆ: ಈ ಹೇಳಿಕೆ ಹತ್ತು ಸ್ಮರಣ ಸಂಚಿಕೆಗಳಲ್ಲಿ, ಐದು ಪುಸ್ತಕಗಳಲ್ಲಿ ಇದೆ ಎಂದು ಹದಿನೈದು ಅಡಿಟಿಪ್ಪಣಿ ಹಾಕಿದರೆ ಆಧಾರ ಹದಿನೈದಾಗುವುದಿಲ್ಲ. ಅವೆಲ್ಲ ಹುಲ್ಟ್ಜ್ ಅವರ ಓದನ್ನೇ ಮುಂದಕ್ಕೆ ಸಾಗಿಸುತ್ತಿದ್ದರೆ ಆಧಾರ ಒಂದೇ. ಹಾಗೆಯೇ, ಅವರು ದೊಡ್ಡ ವಿದ್ವಾಂಸರು ಎಂಬುದು ಅವರ ಲೇಖನವನ್ನು ಶ್ರದ್ಧೆಯಿಂದ ಓದುವುದಕ್ಕೆ ಕಾರಣ. ಓದದೆ ಒಪ್ಪುವುದಕ್ಕಲ್ಲ.

3. ಮೂಲವನ್ನೂ ಓದನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ

ಕೆಲಸದ ಹೆಚ್ಚಿನ ಪಾಲು ಇಲ್ಲೇ ಇದೆ. ದಯವಿಟ್ಟು ಅವಸರ ಮಾಡಬೇಡಿ.

ರಾಜನ ಒಂದು ಮಾತನ್ನು ಗ್ರೀಕ್ ಅಕ್ಷರದಿಂದ ಕನ್ನಡ ಅಕ್ಷರಕ್ಕೆ ತಂದರೆ ಹೀಗಿದೆ: ಬೆರೇ ಕೊನ್ಜೆಇ ದಮುನ್ ಪೆತ್ರೆಕಿಓ ಪಕ್ತೆಇ. ಇದನ್ನು ಓದಿದ್ದು ಹೀಗೆ: “ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ.” ಮೊದಲ ಸಲ ಕೇಳಿದಾಗ ಮೈ ಝುಂ ಎನ್ನುತ್ತದೆ. ನನಗೂ ಹಾಗೇ ಆಗಿತ್ತು. ಈಗ ಒಂದೊಂದೇ ಪದ ನೋಡೋಣ.

‘ಬೆರೇ’ ಮತ್ತು ‘ಬೇರೆ’: ಹ್ರಸ್ವ ದೀರ್ಘ ಅದಲುಬದಲಾಗಿದೆ. ಆ ಕಾಲದ ಈಜಿಪ್ಟಿನ ಗ್ರೀಕ್ ಮಾತಿನಲ್ಲಿ ಹ್ರಸ್ವ ದೀರ್ಘದ ಭೇದ ಅಳಿಸಿಹೋಗುತ್ತಿತ್ತು, ಆದ್ದರಿಂದ ಇದನ್ನು ಬಿಟ್ಟುಕೊಡಬಹುದು. ‘ಕೊನ್ಜೆಇ’ ಮತ್ತು ‘ಕೊಂಚ’: ಗ್ರೀಕರಿಗೆ ‘ಚ’ ಅಕ್ಷರ ಇರಲಿಲ್ಲ, ಇದನ್ನೂ ಒಪ್ಪಬಹುದು. ‘ಪಕ್ತೆಇ’ ಮತ್ತು ‘ಹಾಕಿ’: ಇಲ್ಲಿ ಕನ್ನಡ ವಾದಕ್ಕೆ ಒಂದು ಅನುಕೂಲವೂ ಇದೆ. ಕನ್ನಡದಲ್ಲಿ ಪದದ ಮೊದಲಿನ ‘ಪ’ ಸುಮಾರು ಹತ್ತನೇ ಶತಮಾನದ ಮೇಲೆ ‘ಹ’ ಆಗುತ್ತಾ ಬಂತು, ಪಾಲು ಹಾಲಾಯಿತು. ಹಾಗಾಗಿ ಎರಡನೇ ಶತಮಾನದಲ್ಲಿ ‘ಪ’ ಇರುವುದೇ ಸರಿ. ಆದರೆ ನಡುವೆ ಬಂದಿರುವ ‘ತ’ ಎಲ್ಲಿಂದ ಬಂತೆಂದು ಹೇಳಬೇಕು.

ತೊಡಕು ಇರುವುದು ‘ದಮುನ್’ನಲ್ಲಿ. ಅದನ್ನು ‘ಮಧು’ ಮಾಡಬೇಕಾದರೆ ದ ಮತ್ತು ಮ ಜಾಗ ಬದಲಾಯಿಸಬೇಕು, ಕೊನೆಯ ‘ನ್’ ಬಿಡಬೇಕು. ಬರೆಯುವವನು ಒಮ್ಮೆ ಎಡವಿದ ಎನ್ನೋಣ. ಅದೇ ಸಾಲು ಮುಂದುವರಿದಾಗ ‘ಪೆತ್ರೆಕಿಓ’ ಮತ್ತೆ ಬರುತ್ತದೆ, ಅದರ ಪಕ್ಕದಲ್ಲಿ ಈ ಸಲ ‘ದಮುತ್’ ಇದೆ. ಅಲ್ಲೂ ದ ಮೊದಲು, ಮ ಆಮೇಲೆ. ಎರಡು ಸಲವೂ ಒಂದೇ ರೀತಿ ಇದ್ದರೆ ಅದು ಕೈತಪ್ಪು ಎನ್ನುವುದು ಕಷ್ಟ.

ಈಗ ಇನ್ನೊಂದು ಮಾತು ನೋಡಿ. ಇದು 33 ಗ್ರೀಕ್ ಅಕ್ಷರಗಳ ಒಂದೇ ಸರ, ನಡುವೆ ಪದ ಬಿಡಿಸಿಲ್ಲ: ಪನುಂಬ್ರೇತಿಕತೆಮನುಅಂಬ್ರೇತುಉಎನಿ. ಓದಿದ್ದು: “ಪಾನಂ ಬೇರ್ ಎತ್ತಿ ಕಟ್ಟಿ ಮಧುವಂ ಬೇರ್ ಎತ್ತುವೆನು.” ಇಲ್ಲಿ ‘ಮಧುವಂ’ ಆಗಿರುವುದು ‘ಮನುಅಂ’ ಎಂಬ ಭಾಗ. ಅಂದರೆ ಅದೇ ‘ಮಧು’ ಒಂದು ಕಡೆ ‘ದಮುನ್’, ಇನ್ನೊಂದು ಕಡೆ ‘ಮನು’. ಒಂದು ಕಡೆ ಅಕ್ಷರ ಹಿಂದುಮುಂದು, ಇನ್ನೊಂದು ಕಡೆ ‘ಧ’ ಇದ್ದಲ್ಲಿ ‘ನ’. ಒಂದೇ ಪದ ಎರಡು ಕಡೆ ಎರಡು ಬೇರೆ ರೀತಿ ಕೆಟ್ಟಿದೆ ಎನ್ನುವವರು ಅದಕ್ಕೆ ಕಾರಣ ಕೊಡಬೇಕು. ‘ಬೇರೆ’ಯ ಗತಿಯೂ ಅದೇ, ಒಮ್ಮೆ ‘ಬೆರೇ’, ಇಲ್ಲಿ ‘ಬ್ರೇ’.

ಕೊನೆಯ ‘ಎತ್ತುವೆನು’ ನೋಡಿ. ಹಳಗನ್ನಡದಲ್ಲಿ ಆ ರೂಪ ‘ಎತ್ತುವೆಂ’. ಕೊನೆಗೆ ಉಕಾರ ಹತ್ತಿದ ರೂಪ ಆಮೇಲಿನದು. ಎರಡನೇ ಶತಮಾನದ ಕನ್ನಡ ಹೇಗಿತ್ತು ಎಂದು ಹೋಲಿಸಿ ನೋಡಲು ಆ ಕಾಲದ ಒಂದು ಕನ್ನಡ ವಾಕ್ಯವೂ ನಮ್ಮ ಕೈಯಲ್ಲಿ ಇಲ್ಲ. ಹಲ್ಮಿಡಿ ಶಾಸನವನ್ನು ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿನದು ಎನ್ನುತ್ತಾರೆ. ನಡುವೆ ಇನ್ನೂರು ವರ್ಷಕ್ಕೂ ಹೆಚ್ಚಿನ ಅಂತರ. ಇದರಿಂದ ಕನ್ನಡ ವಾದ ಸುಳ್ಳೆಂದು ಆಗುವುದಿಲ್ಲ. ಆದರೆ ಹೋಲಿಸಲು ಹತ್ತಿರದ ಕಾಲದ ಸಾಮಗ್ರಿ ಇಲ್ಲದಿರುವುದು ವಾದ ಮಾಡುವವರಿಗೆ ಇರುವ ತೊಂದರೆ, ಕೇಳುವವರಿಗಲ್ಲ.

ಇನ್ನೊಂದು ಸಣ್ಣ ವಿಷಯ. ಮಧು, ಪಾತ್ರ, ಪಾನ ಮೂರೂ ಸಂಸ್ಕೃತದಿಂದ ಬಂದ ಪದಗಳು. ಅವು ಅಲ್ಲಿ ನಿಜವಾಗಿ ಇದ್ದರೂ ಭಾರತದ ಯಾವ ಭಾಷೆಯಾದರೂ ಆಗಬಹುದು. ಕನ್ನಡ ಎಂದು ಗುರುತಿಸಬೇಕಾದರೆ ಕನ್ನಡದ್ದೇ ಆದ ಪದಗಳೂ ಪ್ರತ್ಯಯಗಳೂ ಆ ಭಾರ ಹೊರಬೇಕು. ಅಂಥವು ಎಷ್ಟು ಉಳಿದವು, ಎಣಿಸಿ ನೋಡಿ.

4. ನೀವು ತೆಗೆದುಕೊಂಡ ಸ್ವಾತಂತ್ರ್ಯವನ್ನು ಬೇರೆಯವರಿಗೂ ಕೊಟ್ಟು ನೋಡಿ

ಅಕ್ಷರ ಹಿಂದುಮುಂದು ಮಾಡಬಹುದು, ಕೆಲವನ್ನು ಬಿಡಬಹುದು, ಪದವನ್ನು ಬೇಕಾದಲ್ಲಿ ಒಡೆಯಬಹುದು. ಇಷ್ಟು ಸ್ವಾತಂತ್ರ್ಯ ಇದ್ದರೆ ಬೇರೆ ಏನೇನು ಹೊರಡುತ್ತದೆ? ಇದನ್ನು ಪರೀಕ್ಷಿಸಬೇಕಾದವರು ಪ್ರತಿಪಾದಿಸುವವರೇ.

ಆ 33 ಅಕ್ಷರಗಳ ಸರವನ್ನು ಒಂದು ಚೀಟಿಯಲ್ಲಿ ಪದ ಬಿಡಿಸದೆ ಬರೆಯಿರಿ. ಕತೆ ಏನೆಂದು ಹೇಳದೆ ನಾಲ್ಕು ಮಂದಿಗೆ ಕೊಡಿ. ನಮ್ಮ ಊರಲ್ಲಿ ಇದಕ್ಕೆ ಕಷ್ಟವೇ ಇಲ್ಲ, ಒಂದೇ ತರಗತಿಯಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ಆಡುವವರು ಸಿಗುತ್ತಾರೆ. ತುಳುವರಿಗೆ ಮೊದಲ ಸದ್ದಿನಲ್ಲೇ ‘ಹೇಳು’ ಎಂಬ ಅರ್ಥದ ‘ಪನ್’ ಕೇಳಬಹುದು. ಕನ್ನಡದವರಿಗೇ ನಡುವೆ ‘ಕತೆ’ ಕಾಣಬಹುದು. ಆ ನಾಲ್ಕು ಗ್ರೀಕ್ ಅಕ್ಷರಗಳು ಇರುವುದು ‘ಕತೆ’ ಎಂದೇ, ‘ಕಟ್ಟಿ’ಗಿಂತ ಅದು ಹತ್ತಿರ. ಹಾಗಾದರೆ ‘ಕಟ್ಟಿ’ ಏಕೆ, ‘ಕತೆ’ ಏಕಲ್ಲ? ದೃಶ್ಯದಲ್ಲಿ ಮದ್ಯ ಕುಡಿಸುತ್ತಿದ್ದಾರೆ ಎಂದು ಓದುವವರಿಗೆ ಮೊದಲೇ ಗೊತ್ತಿತ್ತು, ಅದಕ್ಕೆ ಹೊಂದುವ ಪದವನ್ನು ಹುಡುಕಿದರು. ಹೀಗೆ ಹುಡುಕಿ ತಂದ ಮೇಲೆ “ನೋಡಿ, ದೃಶ್ಯಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ” ಎಂದರೆ ಅದು ಹೊಸ ಆಧಾರ ಆಗುವುದಿಲ್ಲ.

ಒಂದೇ ಸಾಲನ್ನು ಕನ್ನಡ ಎಂದೂ ತುಳು ಎಂದೂ ವಾದಿಸಿದ್ದಾರೆ ಎಂಬುದನ್ನೇ ನೋಡಿ. ಎರಡೂ ಒಟ್ಟಿಗೆ ಸರಿಯಾಗಲಾರವು. ಕನಿಷ್ಠ ಒಂದು ಕಡೆಯಾದರೂ, ಇಲ್ಲದ್ದನ್ನೂ ಇದೆ ಎಂದು ತೋರಿಸಬಲ್ಲ ವಿಧಾನ ಕೆಲಸ ಮಾಡಿದೆ.

5. ಯಾವುದು ಸಿಕ್ಕರೆ ಒಪ್ಪುತ್ತೀರಿ ಎಂದು ಮೊದಲೇ ಬರೆದಿಡಿ

ಹಳೆಯ ನಾಟಕದಲ್ಲಿ ಅನ್ಯಭಾಷೆ ಇದೆ ಎಂದು ತೋರಿಸುವುದು ಆಗದ ಕೆಲಸವೇನಲ್ಲ. ರೋಮಿನ ಪ್ಲಾಟಸ್ ಬರೆದ ‘ಪೊಯೆನುಲಸ್’ ಎಂಬ ನಾಟಕದಲ್ಲಿ ಕಾರ್ಥೇಜಿನ ಪಾತ್ರವೊಂದು ಪ್ಯೂನಿಕ್ ಭಾಷೆಯಲ್ಲಿ ಮಾತಾಡುತ್ತದೆ. ಅದು ನಿಜವಾದ ಪ್ಯೂನಿಕ್ ಎಂದು ವಿದ್ವಾಂಸರು ಒಪ್ಪಿದ್ದಾರೆ. ಆ ಮಾತಿನ ಲ್ಯಾಟಿನ್ ರೂಪ ನಾಟಕದಲ್ಲೇ ಇದೆ, ಪ್ಯೂನಿಕ್ ಶಾಸನಗಳು ಬೇಕಾದಷ್ಟಿವೆ, ಎರಡನ್ನೂ ಇಟ್ಟು ಹೋಲಿಸಬಹುದು. ಇದಕ್ಕೆ ಎದುರಾಗಿ ಅರಿಸ್ಟೋಫನಿಸನ ‘ಅಕಾರ್ನಿಯನ್ಸ್’ ನಾಟಕದಲ್ಲಿ ಪರ್ಷಿಯಾದ ದೂತನೊಬ್ಬ ಪರ್ಷಿಯನ್ನಿನಂತೆ ಕೇಳುವ ಏನನ್ನೋ ಆಡುತ್ತಾನೆ. ಅದು ಬರೀ ಸದ್ದು ಎಂದೇ ಹೆಚ್ಚಿನವರು ತಿಳಿಯುತ್ತಾರೆ. ಎರಡೂ ಬಗೆ ಉಂಟು ಎಂದ ಮೇಲೆ, ನಮ್ಮದು ಮೊದಲ ಬಗೆ ಎನ್ನುವವರು ತೋರಿಸಬೇಕು.

ನಮ್ಮ ಪಪೈರಸ್ಸಿನಲ್ಲೂ ಅಂಥ ಒಂದು ಒಳಸುಳಿವು ಇದೆ. ರಾಜ ‘ಬ್ರಥಿಸ್’ ಎನ್ನುತ್ತಾನೆ, ಅವನ ಕಡೆಯವರೂ ಅದನ್ನೇ ಹೇಳುತ್ತಾರೆ. “ಏನಂತಾರೆ?” ಎಂದು ವಿದೂಷಕ ಕೇಳಿದರೆ, “ಪಾಲಿಗೆ ಚೀಟಿ ಎತ್ತೋಣ ಅಂತಾನೆ” ಎಂಬ ಉತ್ತರ ಗ್ರೀಕಿನಲ್ಲಿ ಬರುತ್ತದೆ. ಹೀಗೆ ಅರ್ಥ ಜೊತೆಗೇ ಸಿಗುವ ಪದ ಚಿನ್ನದಂಥದ್ದು. ಆ ಉತ್ತರವೇ ವಿದೂಷಕನಿಗಾಗಿ ಹೆಣೆದ ತಮಾಷೆ ಇರಬಹುದು, ಆದರೂ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕನ್ನಡವೋ ತುಳುವೋ ಎನ್ನುವವರು ‘ಬ್ರಥಿಸ್’ನಿಂದ, ಅಕ್ಷರ ಹೆಚ್ಚು ಎಳೆದಾಡದೆ, ಪಾಲು ಅಥವಾ ಚೀಟಿ ಎಂಬ ಅರ್ಥ ತಂದರೆ ಅವರ ವಾದಕ್ಕೆ ನಿಜವಾಗಿ ಬಲ ಬರುತ್ತದೆ. ಹೀಗೆ “ಇದು ಸಿಕ್ಕರೆ ಒಪ್ಪುತ್ತೇನೆ, ಇದು ಸಿಗದಿದ್ದರೆ ಹೇಳಿಕೆಯನ್ನು ಇಳಿಸುತ್ತೇನೆ” ಎಂದು ಹುಡುಕುವ ಮೊದಲೇ ದಿನಾಂಕ ಹಾಕಿ ಬರೆದಿಡಿ.

6. ಹೊಣೆ ಕೈ ಬದಲಾಯಿಸುವ ಮಾತುಗಳನ್ನು ಗುರುತಿಸಿ

“ಕನ್ನಡ ಅಲ್ಲವಾದರೆ ಯಾವ ಭಾಷೆ, ನೀವೇ ಹೇಳಿ.” ಇದು ನಾನು ಅತಿ ಹೆಚ್ಚು ಕೇಳಿದ ಮಾತು. ಯಾವ ಭಾಷೆ ಎಂದು ಗೊತ್ತಿಲ್ಲದೆಯೂ ಕನ್ನಡ ಎಂಬುದಕ್ಕೆ ಆಧಾರ ಸಾಲದು ಎನ್ನಬಹುದು. ಮಲ್ಪೆಯಲ್ಲಿ ಬಲೆಗೆ ಬಿದ್ದ ಮೀನು ಅಂಜಲ್ ಎಂದು ನೀವು ಹೇಳಿದಿರಿ. ಮೈಮೇಲಿನ ಗುರುತು ತೋರಿಸಿ ಎಂದು ನಾನು ಕೇಳಿದರೆ, ಅದರ ನಿಜವಾದ ಹೆಸರು ನನಗೆ ಗೊತ್ತಿರಬೇಕೆಂದೇನೂ ಇಲ್ಲ.

ಇದರ ಹಿಂದೆ ಒಂದು ಗಟ್ಟಿ ಕಾರಣ ಇದೆ. ಅಲ್ಲ ಎಂದು ತೋರಿಸುವ ಕೆಲಸ ಕೇಳುವವರದಾದರೆ ಬಾರ್ನೆಟ್ ಮೊದಲು ಕನ್ನಡ ಅಲ್ಲ ಎಂದು, ಆಮೇಲೆ ತುಳು ಅಲ್ಲ, ತಮಿಳು ಅಲ್ಲ, ಪ್ರಾಕೃತ ಅಲ್ಲ ಎಂದು ತೋರಿಸುತ್ತಾ ಹೋಗಬೇಕಾಗುತ್ತಿತ್ತು. ಹೊಸ ಓದು ಹೊಸೆಯಲು ಒಂದು ಸಂಜೆ ಸಾಕು, ಅದು ತಪ್ಪೆಂದು ತೋರಿಸಲು ತಿಂಗಳುಗಳು ಬೇಕು. ಯಾವ ಅಕ್ಷರವನ್ನು ಏಕೆ ಬದಲಾಯಿಸಿದೆ, ಎಷ್ಟು ಪದ ಕೂಡಿಬರದೆ ಕೈಬಿಟ್ಟೆ ಎಂಬುದು ಓದಿದವರಿಗೆ ಮಾತ್ರ ಗೊತ್ತು. ಲೆಕ್ಕ ಅವರ ಹತ್ತಿರ ಇರುವಾಗ ಒಪ್ಪಿಸಬೇಕಾದವರೂ ಅವರೇ.

ಆದರೆ ಈ ನಿಯಮ ಎರಡೂ ಕಡೆಗೆ ಅನ್ವಯಿಸುತ್ತದೆ. “ಕನ್ನಡ ಎಂಬುದಕ್ಕೆ ಆಧಾರ ಸಾಲದು” ಎನ್ನುವುದು ಒಂದು, “ಅದು ಅರ್ಥವಿಲ್ಲದ ಸದ್ದೇ” ಎನ್ನುವುದು ಇನ್ನೊಂದು. ಎರಡನೆಯದು ಹೊಸ ಪ್ರತಿಪಾದನೆ. ಹಾಗೆ ಖಡಾಖಂಡಿತವಾಗಿ ಬರೆದರೆ, ‘ಬೆರೇ’, ‘ಪೆತ್ರೆಕಿಓ’ ಮತ್ತೆ ಮತ್ತೆ ಏಕೆ ಬರುತ್ತವೆ ಎಂದು ನೀವೇ ವಿವರಿಸಬೇಕು.

7. ಆಧಾರ ಹೊರುವಷ್ಟೇ ವಾಕ್ಯ ಬರೆಯಿರಿ

“ಗ್ರೀಕ್ ಪ್ರಹಸನದಲ್ಲಿ ಕನ್ನಡ ಇದೆ” ಎಂಬ ವಾಕ್ಯಕ್ಕೆ ಈಗಿರುವ ಆಧಾರ ಸಾಲದು. “ಇದೆ ಎಂದು ಹೇಳಲಾಗುತ್ತದೆ” ಎಂದು ಬರೆದರೂ ತಪ್ಪಿಸಿಕೊಂಡಂತಲ್ಲ. ಯಾರು ಹೇಳಿದರು ಎಂಬುದನ್ನು ಮರೆಸಿ, ಹೊಣೆ ಯಾರ ಮೇಲೂ ಬೀಳದಂತೆ ಮಾಡುವ ವಾಕ್ಯ ಅದು. ವೈವಾದಲ್ಲಿ, ಅಂದರೆ ಪ್ರಬಂಧದ ಮೇಲಿನ ಮೌಖಿಕ ಪರೀಕ್ಷೆಯಲ್ಲಿ, “ಯಾರು ಹೇಳುತ್ತಾರೆ?” ಎಂಬ ಒಂದೇ ಪ್ರಶ್ನೆಗೆ ಇದು ಕುಸಿಯುತ್ತದೆ.

ನಾನಾದರೆ ಹೀಗೆ ಬರೆಯುತ್ತೇನೆ: “413ನೇ ಆಕ್ಸಿರಿಂಕಸ್ ಪಪೈರಸ್ಸಿನಲ್ಲಿ ಭಾರತೀಯ ಪಾತ್ರಗಳು ಆಡುವ ಕೆಲವು ಮಾತುಗಳನ್ನು ಹುಲ್ಟ್ಜ್ 1904ರಲ್ಲಿ ಕನ್ನಡ ಎಂದು ಓದಿದರು, ಶಾಮಶಾಸ್ತ್ರಿಗಳು ಬೆಂಬಲಿಸಿದರು. ಬಾರ್ನೆಟ್ 1926ರಲ್ಲಿ ಅದನ್ನು ಒಪ್ಪಲಿಲ್ಲ. ಈ ಓದಿನಲ್ಲಿ ‘ಮಧು’ ಎಂಬ ಪದವನ್ನು ಎರಡು ಕಡೆ ಎರಡು ಬೇರೆ ರೀತಿಯ ಅಕ್ಷರ ಬದಲಾವಣೆಯಿಂದ ಪಡೆಯಬೇಕಾಗುವುದರಿಂದ, ಭಾಷೆ ಯಾವುದೆಂಬುದು ಇನ್ನೂ ತೀರ್ಮಾನವಾಗಿಲ್ಲ ಎಂದು ಇಲ್ಲಿ ಪರಿಗಣಿಸಲಾಗಿದೆ.”

ಮಲ್ಪೆ ಎಂಬ ಹೆಸರು ಈ ವಾಕ್ಯದಲ್ಲಿ ಇಲ್ಲವಲ್ಲ ಎಂದು ನಮ್ಮೂರಿನ ಹುಡುಗರಿಗೆ ಬೇಸರವಾಗುತ್ತದೆ, ಅದು ನನಗೆ ಗೊತ್ತು. ಜಾಗದ ಪ್ರತಿಪಾದನೆಗೆ, ಭಾಷೆಯನ್ನು ಆತುಕೊಳ್ಳದ ಆಧಾರ ನಿಮಗೆ ಸಿಕ್ಕಿದ ದಿನ ಅದಕ್ಕೆಂದೇ ಒಂದು ಪ್ಯಾರಾ ಸೇರಿಸಿ. ಅಲ್ಲಿಯವರೆಗೆ ವೈವಾಕ್ಕೆ ಹೋಗುವಾಗ ಒಂದು ಹಾಳೆ ಜೊತೆಗಿರಲಿ: ಎಡಗಡೆ ಪಪೈರಸ್ಸಿನ ಅಕ್ಷರ, ಬಲಗಡೆ ಅದರ ಓದು, ನಡುವೆ ಬದಲಾಯಿಸಿದ, ಬಿಟ್ಟ, ಸೇರಿಸಿದ ಪ್ರತಿಯೊಂದು ಅಕ್ಷರಕ್ಕೂ ಕೆಂಪು ಗುರುತು.